ಮೇಡಂ, ಫೋಟೋ ಮತ್ತೆ ಕಳಿಸಲೇ?

"ಮೇಡಂ, ನಿನ್ನೆ ಹಾಕಿದ ಲೆಕ್ಕದ ಫೋಟೋ ಕಾಣ್ತಾ ಇಲ್ಲ. ಮತ್ತೆ ಕಳಿಸ್ಲಾ?"

ಆನ್‌ಲೈನಿನಲ್ಲಿ ಪಾಠ ಹೇಳುವವರಿಗೆ ಇಂಥ ಸಂದೇಶ ಹೊಸದಲ್ಲ. ಬರೆದ ಹುಡುಗನಿಗೆ ಎಲ್ಲವೂ ಗೊತ್ತಿದೆ. ಓದುವವರಿಗೆ ಏನೂ ಗೊತ್ತಿಲ್ಲ. ಯಾವ ಲೆಕ್ಕ, ಯಾವ ಪಾಠ, ಎಲ್ಲಿ ಹಾಕಿದ್ದು, ಯಾರಿಗೆ ಕಾಣುತ್ತಿಲ್ಲ? ಮೇಡಂ ಇದನ್ನೆಲ್ಲ ತಿರುಗಿ ಕೇಳುವ ಹೊತ್ತಿಗೆ ಹುಡುಗ ಕಾಲೇಜಿನಲ್ಲಿರುತ್ತಾನೆ. ಅವನು ಸಂಜೆ ಉತ್ತರ ಕೊಡುವಾಗ ಅವರು ಇನ್ನೊಂದು ಬ್ಯಾಚಿಗೆ ಪಾಠ ಮಾಡುತ್ತಿರುತ್ತಾರೆ. ಐದು ನಿಮಿಷದಲ್ಲಿ ಬಗೆಹರಿಯುವ ಸಂಶಯಕ್ಕೆ ಎರಡು ದಿನ ಹಿಡಿಯುತ್ತದೆ. ಫೋಟೋ ಕಳೆದುಹೋದದ್ದು ಹುಡುಗನ ತಪ್ಪಲ್ಲದಿರಬಹುದು. ಆದರೆ ಅದನ್ನು ತಿಳಿಸುವ ಪತ್ರ ಹೇಗಿರಬೇಕು ಎಂಬುದು ಪೂರ್ತಿಯಾಗಿ ಅವನ ಕೈಯಲ್ಲೇ ಇದೆ. ಅಂಥ ಪತ್ರ ಬರೆಯಲು ಫೋಟೋ ಎಲ್ಲಿ ತಪ್ಪಿಸಿಕೊಂಡಿತು ಎಂದು ಸ್ವಲ್ಪ ತಿಳಿದಿರಬೇಕು.

ಶಿರಸಿ ಕಡೆಯ ಒಂದು ಹಳ್ಳಿಯಲ್ಲಿ ದ್ವಿತೀಯ ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳೋಣ. ಭೌತಶಾಸ್ತ್ರದ ಒಂದು ಲೆಕ್ಕದಲ್ಲಿ ಅವಳ ಉತ್ತರಕ್ಕೂ ಪುಸ್ತಕದ ಉತ್ತರಕ್ಕೂ ತಾಳೆಯಾಗುತ್ತಿಲ್ಲ. ಮಂಗಳವಾರ ರಾತ್ರಿ ಅಪ್ಪನ ಫೋನಿನಲ್ಲಿ ಪುಟದ ಫೋಟೋ ತೆಗೆದು, ಟ್ಯೂಷನ್ನಿನ ಜಾಲತಾಣದಲ್ಲಿ ಹಾಕಿ, "ಈ ಲೆಕ್ಕ ಬರ್ತಿಲ್ಲ ಮೇಡಂ" ಎಂದು ಬರೆದು ಮಲಗುತ್ತಾಳೆ. ಮಲಗುವ ಮುನ್ನ ಪರದೆಯಲ್ಲಿ ಆ ಫೋಟೋ ಪುಟ್ಟದಾಗಿ ಕಂಡದ್ದು ಅವಳಿಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ನೋಡಿದರೆ ಬರೆದ ಸಾಲು ಇದೆ, ಫೋಟೋ ಇಲ್ಲ.

ಅವಳ ನೆನಪು ಸುಳ್ಳಲ್ಲ. ಆದರೆ ಅವಳು ನೋಡಿದ ಪುಟ್ಟ ಚಿತ್ರ ಬಹುಪಾಲು ಅಪ್ಪನ ಫೋನಿನ ಒಳಗಿನದೇ. ಗ್ಯಾಲರಿಯಿಂದ ಫೋಟೋ ಆರಿಸಿದ ಕೂಡಲೇ ಅನೇಕ ಆ್ಯಪ್‌ಗಳು, ಜಾಲತಾಣಗಳು ಅದರ ಮಾದರಿಯೊಂದನ್ನು ತೋರಿಸುತ್ತವೆ. ಸರಿಯಾದ ಫೋಟೋವನ್ನೇ ಆರಿಸಿದ್ದೀರಾ ಎಂದು ಖಚಿತಪಡಿಸಿಕೊಳ್ಳಲು ಇರುವ ಅನುಕೂಲ ಅದು. ಆ ಹೊತ್ತಿಗೆ ಫೋಟೋದ ಒಂದು ಚೂರೂ ಮನೆಯಿಂದ ಹೊರಗೆ ಹೋಗಿರಬೇಕಾಗಿಲ್ಲ. ಡೇಟಾ ಆಫ್ ಮಾಡಿ ನೋಡಿದರೆ ಇದು ಗೊತ್ತಾಗುತ್ತದೆ: ನೆಟ್‌ವರ್ಕ್ ಇಲ್ಲದಿದ್ದರೂ ಪುಟ್ಟ ಚಿತ್ರ ಅಷ್ಟೇ ಚೆಂದವಾಗಿ ಮೂಡುತ್ತದೆ. ಫೋಟೋ ನಿಜವಾಗಿ ಹೋಯಿತೇ ಎಂದು ತಿಳಿಯಬೇಕಾದರೆ ಕಳಿಸಿದ ಮೇಲೆ ಆ ಪುಟವನ್ನು ಮುಚ್ಚಿ ಮತ್ತೆ ತೆರೆಯಬೇಕು. ಬೇರೆ ಫೋನಿನಿಂದ ತೆರೆದರೆ ಇನ್ನೂ ಒಳ್ಳೆಯದು. ತನ್ನ ಫೋನಿನಲ್ಲಿ ಹಳೆಯ ನಕಲೊಂದು ಉಳಿದು ಅದೇ ಕಾಣುತ್ತಿರುವ ಸಾಧ್ಯತೆಯೂ ಇರುತ್ತದೆ. ಅಮ್ಮನ ಫೋನಿನಲ್ಲಿ ಅಂಥ ನಕಲು ಇರುವುದಿಲ್ಲ.

ಇನ್ನು ದಾರಿಯ ಕಷ್ಟ. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಫೋಟೋ ಸಾಮಾನ್ಯವಾಗಿ 3ರಿಂದ 5 ಎಂಬಿ ತೂಗುತ್ತದೆ. 4 ಎಂಬಿ ಎಂದರೆ 32 ಮೆಗಾಬಿಟ್. ಸೆಕೆಂಡಿಗೆ ಅರ್ಧ ಮೆಗಾಬಿಟ್ ಮಾತ್ರ ಕಳಿಸಬಲ್ಲ ಸಿಗ್ನಲ್ಲಿನಲ್ಲಿ ಅದು ತಲುಪಲು ಒಂದು ನಿಮಿಷಕ್ಕೂ ಹೆಚ್ಚು ಬೇಕು. ವಿಡಿಯೊ ಸರಾಗವಾಗಿ ಓಡುವ ಫೋನಿನಲ್ಲೇ ಫೋಟೋ ಹೋಗದಿರುವುದು ಮಕ್ಕಳಿಗೆ ಒಗಟಿನಂತೆ ಕಾಣುತ್ತದೆ. 4ಜಿ ಫೋನು ಟವರಿನ ಕಡೆಗೆ ಹೆಚ್ಚೆಂದರೆ 0.2 ವ್ಯಾಟ್‌ನಷ್ಟು ಶಕ್ತಿಯಲ್ಲಿ ಮಾತಾಡುತ್ತದೆ. ಟವರು ಫೋನಿನ ಕಡೆಗೆ ಮಾತಾಡುವುದು ಅದರ ಎಷ್ಟೋ ಪಟ್ಟು ಶಕ್ತಿಯಲ್ಲಿ. ಹೀಗಾಗಿ ಸಿಗ್ನಲ್ ಕ್ಷೀಣವಾದ ಕಡೆ ಮೊದಲು ಸೋಲುವುದು ನಾವು ಕಳಿಸುವ ದಾರಿ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮಳೆಯಲ್ಲಿ ರಸ್ತೆಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಎಸ್ಸೆಸ್ಸೆಲ್ಸಿ ಹುಡುಗಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ನಾಡಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಮಲೆನಾಡು, ಕರಾವಳಿಯ ಇಂಥ ಮನೆಗಳಲ್ಲಿ ಪಾಠ ಕೇಳಿಸುವಷ್ಟು ಸಿಗ್ನಲ್ ಸಿಕ್ಕರೂ ಪ್ರಶ್ನೆ ಕಳಿಸುವಷ್ಟು ಸಿಗದಿರುವುದುಂಟು. ಫೋಟೋ ಅರ್ಧ ದಾರಿಯಲ್ಲಿ ನಿಂತರೆ ಸರ್ವರ್ ಸ್ವಲ್ಪ ಹೊತ್ತು ಕಾಯುತ್ತದೆ. ಆಮೇಲೆ ಸಂಪರ್ಕ ಕಡಿದು, ಬಂದಷ್ಟನ್ನು ಎಸೆದುಬಿಡುತ್ತದೆ.

ಆದರೆ ಶಿರಸಿಯ ಹುಡುಗಿಯ ಪ್ರಕರಣದಲ್ಲಿ ಒಂದು ಸುಳಿವಿದೆ. ಅವಳು ಬರೆದ ಸಾಲು ತಲುಪಿದೆ, ಫೋಟೋ ಮಾತ್ರ ಇಲ್ಲ. ಆ ಪುಟದಲ್ಲಿ ಸಾಲು ಮತ್ತು ಫೋಟೋ ಎರಡೂ ಒಂದೇ ಕಂತೆಯಾಗಿ ಹೋಗುವ ಹಾಗಿದ್ದರೆ, ಸಂಪರ್ಕ ಕಡಿದಿದ್ದಲ್ಲಿ ಎರಡೂ ಹೋಗುತ್ತಿರಲಿಲ್ಲ. ಅಂದರೆ ಕಂತೆ ತಲುಪಿದೆ. ಬಾಗಿಲಲ್ಲಿ ಫೋಟೋವನ್ನು ಯಾರೋ ತಡೆದಿದ್ದಾರೆ.

ತಡೆಯುವುದು ಗಾತ್ರದ ಮಿತಿ. ಜಾಲತಾಣದ ಅರ್ಜಿಯ ಮೂಲಕ ಕಡತ ಕಳಿಸುವ ವಿಧಾನವನ್ನು ಮೊದಲು ವಿವರವಾಗಿ ಪ್ರಸ್ತಾಪಿಸಿದ್ದು 1995ರಲ್ಲಿ. ಅಂದಿನಿಂದಲೂ ಸರ್ವರ್ ನಡೆಸುವವರು ಎಷ್ಟು ದೊಡ್ಡ ಕಡತ ಒಳಗೆ ಬರಬಹುದು ಎಂದು ಮಿತಿ ಹಾಕುತ್ತ ಬಂದಿದ್ದಾರೆ. ಬಹಳ ಕಡೆ ಬಳಕೆಯಲ್ಲಿರುವ ಪಿಎಚ್‌ಪಿ ಭಾಷೆಯನ್ನೇ ತೆಗೆದುಕೊಳ್ಳಿ. ಯಾರೂ ಬದಲಾಯಿಸದಿದ್ದರೆ ಅದರಲ್ಲಿ ಒಂದು ಕಡತದ ಮಿತಿ 2 ಎಂಬಿ, ಇಡೀ ಕಂತೆಯ ಮಿತಿ 8 ಎಂಬಿ. ಮೊದಲನೆಯದರ ಹೆಸರು `upload_max_filesize`, ಎರಡನೆಯದು `post_max_size`. ನಮ್ಮ ಹುಡುಗಿಯ ಫೋಟೋ 4 ಎಂಬಿ. ಒಂದು ಕಡತದ ಮಿತಿ ಮೀರಿದೆ, ಕಂತೆಯ ಮಿತಿ ಮೀರಿಲ್ಲ. ಹೀಗಾದಾಗ ಸಾಲು ಒಳಗೆ ಬರುತ್ತದೆ, ಫೋಟೋ ಬರುವುದಿಲ್ಲ. "ಕಡತ ದೊಡ್ಡದಾಯಿತು" ಎಂಬ ಸೂಚನೆಯೊಂದು ಮಾತ್ರ ಒಳಗೆ ದಾಖಲಾಗುತ್ತದೆ. ಜಾಲತಾಣ ಕಟ್ಟಿದವರು ಆ ಸೂಚನೆಯನ್ನು ಓದಿ ಮಕ್ಕಳಿಗೆ ಕಾಣುವಂತೆ ತೋರಿಸಬೇಕು. ತೋರಿಸದಿದ್ದರೆ ಪುಟದಲ್ಲಿ "ಪ್ರಶ್ನೆ ಸ್ವೀಕರಿಸಲಾಗಿದೆ" ಎಂದು ಬಂದುಬಿಡುತ್ತದೆ. ಅವಳ ಗೆಳತಿ 5 ಎಂಬಿಯ ಎರಡು ಫೋಟೋ ಒಟ್ಟಿಗೆ ಹಾಕಿದ್ದರೆ ಕಂತೆ 10 ಎಂಬಿ ಆಗುತ್ತಿತ್ತು. ಆಗ ಬರೆದ ಸಾಲೂ ಉಳಿಯುತ್ತಿರಲಿಲ್ಲ. ಪಿಎಚ್‌ಪಿಯ ನಿಯಮದಂತೆ ಕಂತೆಯ ಮಿತಿ ಮೀರಿದರೆ ಅರ್ಜಿಯ ಎಲ್ಲ ಅಂಕಣಗಳೂ ಖಾಲಿಯಾಗಿ ಬರುತ್ತವೆ. ಅನೇಕರು ಈ ಮಿತಿಗಳನ್ನು ಏರಿಸಿಟ್ಟಿರುತ್ತಾರೆ ನಿಜ. ಆದರೂ ಫೋನಿನ ಕ್ಯಾಮೆರಾಗಳು ವರ್ಷವರ್ಷವೂ ದೊಡ್ಡ ಚಿತ್ರ ತೆಗೆಯುತ್ತಿರುವಾಗ ಹಿಂದೆಂದೋ ಹಾಕಿದ ಮಿತಿ ಸಾಲದೆ ಬರುವುದು ಆಗಾಗ ನಡೆಯುತ್ತಲೇ ಇರುತ್ತದೆ. ಮಕ್ಕಳಿಗೆ ಏನೂ ಹೇಳದೆ ಫೋಟೋ ಬಿಟ್ಟುಬಿಡುವ ಪುಟ ಕೆಟ್ಟ ಪುಟ. ಅದನ್ನು ಸರಿಪಡಿಸುವ ಹೊಣೆ ಕಟ್ಟಿದವರದು, ಮಕ್ಕಳದಲ್ಲ.

ಐಫೋನ್ ಇರುವ ಮನೆಯಲ್ಲಿ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. 2017ರಿಂದ ಅದು ಫೋಟೋಗಳನ್ನು ಜೆಪೆಗ್ ಬದಲು ಎಚ್‌ಇಐಸಿ ರೂಪದಲ್ಲಿ ಉಳಿಸುತ್ತಿದೆ. ಆ ರೂಪ ಗೊತ್ತಿಲ್ಲದ ಜಾಲತಾಣ ಫೋಟೋವನ್ನು ತಿರಸ್ಕರಿಸುತ್ತದೆ, ಇಲ್ಲವೇ ಇಟ್ಟುಕೊಂಡರೂ ತೋರಿಸಲಾರದು. ಕಡತದ ಹೆಸರಿನ ಕೊನೆಯಲ್ಲಿ `.heic` ಇದೆಯೇ ನೋಡಿದರೆ ಸಾಕು.

ಬೇರೆ ಬಗೆಯ ಕಣ್ಮರೆಯೂ ಇದೆ. ಫೋಟೋ ಒಂದು ದಿನ ಎಲ್ಲರಿಗೂ ಕಾಣುತ್ತದೆ, ಮೇಡಂ ಕೂಡ ನೋಡಿರುತ್ತಾರೆ, ಮರುದಿನ ಇರುವುದಿಲ್ಲ. ಇಲ್ಲಿ ಫೋಟೋ ತಲುಪಿದ್ದು ನಿಜ. ಅದನ್ನು ಇಟ್ಟ ಜಾಗ ಶಾಶ್ವತವಾದದ್ದಲ್ಲ. ಬಾಡಿಗೆಗೆ ಸಿಗುವ ಕೆಲವು ಕ್ಲೌಡ್ ಸೇವೆಗಳಲ್ಲಿ ಸರ್ವರಿನದೇ ಡಿಸ್ಕ್ ತಾತ್ಕಾಲಿಕ. ಅದು ದಿನಕ್ಕೊಮ್ಮೆ ಹೊಸದಾಗಿ ಶುರುವಾದಾಗ ಹಿಂದಿನ ದಿನ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಫೋಟೋಗಳನ್ನು ಬೇರೆ ಉಗ್ರಾಣದಲ್ಲಿ ಇಡಬೇಕೆಂದು ತಿಳಿಯದೆ ಹೊಸಬರು ಕಟ್ಟಿದ ಸಣ್ಣ ಟ್ಯೂಷನ್ ತಾಣಗಳಲ್ಲಿ ಹೀಗಾಗುವ ಸಂಭವ ಹೆಚ್ಚು. ಉಗ್ರಾಣದಲ್ಲಿಟ್ಟರೂ ಒಂದು ತೊಡಕಿದೆ. ಫೋಟೋ ನೋಡಲು ಕೊಡುವ ಕೊಂಡಿಗೆ ಕೆಲವೊಮ್ಮೆ ಅವಧಿ ಹಾಕಿರುತ್ತಾರೆ. ಅಮೆಜಾನಿನ ಉಗ್ರಾಣದಲ್ಲಿ ಇಂಥ ಸಹಿ ಹಾಕಿದ ಕೊಂಡಿಯ ಗರಿಷ್ಠ ಆಯಸ್ಸು 7 ದಿನ. ಅವಧಿ ಮುಗಿದರೆ ಫೋಟೋ ಸುರಕ್ಷಿತವಾಗಿದ್ದೂ ಕಾಣದು. ಆಗ ಮತ್ತೆ ಕಳಿಸುವ ಅಗತ್ಯವೇ ಇಲ್ಲ, ತಾಣದವರು ಹೊಸ ಕೊಂಡಿ ಕೊಟ್ಟರಾಯಿತು. ಆದ್ದರಿಂದ "ಫೋಟೋ ಮೊದಲು ಕಾಣುತ್ತಿತ್ತು, ಈಗ ಕಾಣುತ್ತಿಲ್ಲ" ಎಂಬುದೂ "ಮೊದಲಿನಿಂದಲೂ ಕಂಡೇ ಇಲ್ಲ" ಎಂಬುದೂ ಬೇರೆ ಬೇರೆ ದೂರುಗಳು. ಪತ್ರದಲ್ಲಿ ಯಾವುದು ಎಂದು ಹೇಳಲೇಬೇಕು.

ಮೂರನೆಯ ಬಗೆಯಲ್ಲಿ ಪ್ರಶ್ನೆಯೇ ಹೊರಡುವುದಿಲ್ಲ. ಕಡಿಮೆ ಮೆಮೊರಿಯ ಫೋನಿನಲ್ಲಿ ಬ್ರೌಸರಿನ ಪುಟದಿಂದಲೇ ಕ್ಯಾಮೆರಾ ತೆರೆದರೆ, ಕ್ಯಾಮೆರಾಗೆ ಜಾಗ ಮಾಡಿಕೊಡಲು ಆಂಡ್ರಾಯ್ಡ್ ಹಿಂದಿನ ಪುಟವನ್ನು ಮುಚ್ಚಿಬಿಡಬಹುದು. ಫೋಟೋ ತೆಗೆದು ಮರಳಿದಾಗ ಪುಟ ಹೊಸದಾಗಿ ತೆರೆದುಕೊಂಡು ಎಲ್ಲ ಖಾಲಿಯಾಗಿರುತ್ತದೆ. ಹೀಗೆ ತೆಗೆದ ಫೋಟೋ ಗ್ಯಾಲರಿಯಲ್ಲೂ ಉಳಿಯದಿರುವುದುಂಟು, ಹಾಗಾಗಿ ಮತ್ತೆ ಕಳಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಮೊದಲು ಫೋನಿನ ಕ್ಯಾಮೆರಾದಲ್ಲೇ ಫೋಟೋ ತೆಗೆದು, ಆಮೇಲೆ ಪುಟ ತೆರೆದು, ಗ್ಯಾಲರಿಯಿಂದ ಆರಿಸುವುದು ಇದಕ್ಕೆ ಪರಿಹಾರ.

ಈಗ ಪತ್ರ. ಶಿರಸಿಯ ಹುಡುಗಿ ಬುಧವಾರ ಬೆಳಿಗ್ಗೆ ಹೀಗೆ ಬರೆದಳು ಎಂದುಕೊಳ್ಳೋಣ:

"ವಿಷಯ: ಭೌತಶಾಸ್ತ್ರ, ವಿದ್ಯುತ್ ಪ್ರವಾಹ ಪಾಠ, ಪ್ರಶ್ನೆ ಸಂಖ್ಯೆ 318. ಫೋಟೋ ಕಾಣುತ್ತಿಲ್ಲ.

ಮೇಡಂ, ನಮಸ್ಕಾರ. ನಾನು ನಿಮ್ಮ ಸಂಜೆ ಬ್ಯಾಚಿನ ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಮಂಗಳವಾರ ರಾತ್ರಿ 8.40ಕ್ಕೆ ಈ ಪ್ರಶ್ನೆ ಹಾಕಿದ್ದೆ. ಬರೆದ ಸಾಲು ಇದೆ, ಫೋಟೋ ಇರಬೇಕಾದ ಜಾಗ ಖಾಲಿ ಇದೆ. ಅಮ್ಮನ ಫೋನಿನಲ್ಲಿ ತೆರೆದು ನೋಡಿದರೂ ಹಾಗೇ ಇದೆ. ಫೋಟೋ 4 ಎಂಬಿ ಇತ್ತು. ಅದು ನನ್ನ ಹತ್ತಿರವೇ ಇದೆ. ಪ್ರಶ್ನೆಯಷ್ಟನ್ನೇ ಉಳಿಸಿ, ಕತ್ತರಿಸಿ, 400 ಕೆಬಿ ಮಾಡಿಟ್ಟಿದ್ದೇನೆ.

ಫೋಟೋದಲ್ಲಿದ್ದ ಪ್ರಶ್ನೆ: 4 ಓಮ್ ಮತ್ತು 12 ಓಮ್ ರೋಧಕಗಳು ಸಮಾಂತರವಾಗಿವೆ. ಅವೆರಡರ ಜೋಡಿ ಒಂದು 2 ಓಮ್ ರೋಧಕದ ಜೊತೆ ಸರಣಿಯಲ್ಲಿದೆ. ಬ್ಯಾಟರಿ 12 ವೋಲ್ಟ್, ಅದರ ಆಂತರಿಕ ರೋಧ 1 ಓಮ್. ಬ್ಯಾಟರಿಯಿಂದ ಹರಿಯುವ ವಿದ್ಯುತ್ ಪ್ರವಾಹ ಎಷ್ಟು?

ನಾನು ಮಾಡಿದ್ದು: ಸಮಾಂತರ ಜೋಡಿಗೆ 3 ಓಮ್ ಬಂತು. 2 ಕೂಡಿಸಿದೆ, 5 ಓಮ್. 12ನ್ನು 5ರಿಂದ ಭಾಗಿಸಿದರೆ 2.4 ಆಂಪಿಯರ್. ಪುಸ್ತಕದಲ್ಲಿ 2 ಆಂಪಿಯರ್ ಎಂದಿದೆ. ಎಲ್ಲಿ ತಪ್ಪಿದೆ ಎಂದು ತಿಳಿಯುತ್ತಿಲ್ಲ.

ಫೋಟೋವನ್ನು ಇದೇ ಪ್ರಶ್ನೆಯ ಕೆಳಗೆ ಮತ್ತೆ ಹಾಕಲೇ, ಹೊಸ ಪ್ರಶ್ನೆಯಾಗಿ ಕಳಿಸಲೇ? ಶುಕ್ರವಾರ ಈ ಪಾಠದ ಕಿರುಪರೀಕ್ಷೆ ಇದೆ ಮೇಡಂ. ದಯವಿಟ್ಟು ತಿಳಿಸಿ."

ಈ ಪತ್ರ ಕೈಗೆ ಬಂದ ಶಿಕ್ಷಕಿಗೆ ಫೋಟೋ ಬೇಕಾಗಿಯೇ ಇಲ್ಲ. "ನಾನು ಮಾಡಿದ್ದು" ಎಂಬಲ್ಲಿಗೆ ಬರುವಷ್ಟರಲ್ಲಿ ತಪ್ಪು ಕಣ್ಣಿಗೆ ಬೀಳುತ್ತದೆ. ಹುಡುಗಿ 3 ಮತ್ತು 2 ಕೂಡಿಸಿದ್ದಾಳೆ, ಬ್ಯಾಟರಿಯ ಒಳಗಿನ 1 ಓಮ್ ಬಿಟ್ಟಿದ್ದಾಳೆ. ಅದನ್ನೂ ಸೇರಿಸಿದರೆ 6 ಓಮ್, ಪ್ರವಾಹ 2 ಆಂಪಿಯರ್. ಬರೀ ಫೋಟೋ ತಲುಪಿದ್ದರೆ ಏನಾಗುತ್ತಿತ್ತು? ಶಿಕ್ಷಕಿ ಇಡೀ ಲೆಕ್ಕ ಬಿಡಿಸಿ ಕಳಿಸುತ್ತಿದ್ದರು. ಹುಡುಗಿ ಅದನ್ನು ನೋಡಿ ಬರೆದುಕೊಳ್ಳುತ್ತಿದ್ದಳು, ತಾನು ಎಡವಿದ ಜಾಗ ಯಾವುದೆಂದು ತಿಳಿಯದೆಯೇ ಮುಂದಿನ ಲೆಕ್ಕಕ್ಕೆ ಹೋಗುವ ಸಾಧ್ಯತೆಯೂ ಇತ್ತು. ಅವಳ ಹೆಜ್ಜೆಗಳು ಕೈಯಲ್ಲಿರುವುದರಿಂದ "ಆಂತರಿಕ ರೋಧ ಬಿಟ್ಟಿದ್ದೀಯ ನೋಡಮ್ಮ" ಎಂಬ ಒಂದೇ ಮಾತು ಸಾಕಾಗುತ್ತದೆ. ಇಡೀ ಪತ್ರದಲ್ಲಿ ಬೆಲೆಯುಳ್ಳ ಭಾಗ ಇದೇ. ಫೋಟೋ ತಲುಪಿದ ದಿನವೂ ಇದನ್ನು ಬರೆಯುವುದು ಒಳ್ಳೆಯದು.

ಉಳಿದ ಸಾಲುಗಳಿಗೂ ಕೆಲಸವಿದೆ. ದಿನ, ಸಮಯ, ಪ್ರಶ್ನೆ ಸಂಖ್ಯೆ ಇದ್ದರೆ ತಾಣ ನೋಡಿಕೊಳ್ಳುವವರು ಸರ್ವರಿನ ದಾಖಲೆಯಲ್ಲಿ ಆ ಕ್ಷಣಕ್ಕೆ ಹೋಗಿ ಕಡತ ಬಂದಿತ್ತೇ, ತಿರಸ್ಕೃತವಾಯಿತೇ ಎಂದು ನೋಡಬಲ್ಲರು. ಸಮಯ ನೆನಪಿಲ್ಲದಿದ್ದರೂ ಫೋಟೋದ ಹೆಸರು ನೆರವಿಗೆ ಬರುತ್ತದೆ. ಅನೇಕ ಆಂಡ್ರಾಯ್ಡ್ ಫೋನುಗಳು `IMG_20250114_203815.jpg` ಎಂಬಂತೆ ತೆಗೆದ ದಿನ, ಗಂಟೆ, ನಿಮಿಷ, ಸೆಕೆಂಡನ್ನೇ ಹೆಸರಾಗಿ ಇಡುತ್ತವೆ. ಅಮ್ಮನ ಫೋನಿನ ಮಾತು ಬಂದಿರುವುದರಿಂದ ತೊಂದರೆ ಒಂದು ಫೋನಿನದಲ್ಲ ಎಂದು ಗೊತ್ತಾಗುತ್ತದೆ. ಗಾತ್ರ ಹೇಳಿರುವುದರಿಂದ ಮಿತಿಯ ಅನುಮಾನ ತಕ್ಷಣ ಮೂಡುತ್ತದೆ. ಇನ್ನು ಎಲ್ಲಿ ಹಾಕಲಿ ಎಂದು ಕೇಳಿರುವುದು ಬರೀ ವಿನಯಕ್ಕಲ್ಲ. ಕೇಳದೆ ಹೊಸ ಪ್ರಶ್ನೆ ಹಾಕಿದರೆ ಒಂದೇ ಲೆಕ್ಕ ಎರಡು ಕಡೆ ನಿಲ್ಲುತ್ತದೆ. ಒಬ್ಬ ಶಿಕ್ಷಕರು ಒಂದಕ್ಕೆ, ಇನ್ನೊಬ್ಬರು ಇನ್ನೊಂದಕ್ಕೆ ಉತ್ತರಿಸುತ್ತ ಕೂರುತ್ತಾರೆ, ಇಲ್ಲವೇ ಹೊಸದು ಸಾಲಿನ ಕೊನೆಗೆ ಹೋಗುತ್ತದೆ.

ಪ್ರಶ್ನೆಯನ್ನು ಟೈಪ್ ಮಾಡುವಾಗ ಎಚ್ಚರ ಬೇಕಾದ ಕಡೆಗಳು ಒಂದೆರಡಿವೆ. ಪುಸ್ತಕದಲ್ಲಿ 2x + 3 ಎಂಬುದು ಗೆರೆಯ ಮೇಲೆ, 5 ಎಂಬುದು ಗೆರೆಯ ಕೆಳಗೆ ಇದ್ದರೆ ಅದನ್ನು `(2x+3)/5` ಎಂದು ಬರೆಯಬೇಕು. ಆವರಣ ಬಿಟ್ಟು `2x+3/5` ಎಂದರೆ ಲೆಕ್ಕವೇ ಬೇರೆಯಾಗುತ್ತದೆ: x ಬೆಲೆ 1 ಇದ್ದಾಗ ಮೊದಲನೆಯದು 1, ಎರಡನೆಯದು 2.6. ಘಾತಗಳನ್ನು `10^-3` ಎಂದು ಬರೆಯುವುದು ರೂಢಿ. ಆ ಚಿಹ್ನೆ ಬಿಟ್ಟು `10-3` ಎಂದರೆ 7 ಎಂದೇ ಓದುತ್ತಾರೆ.

ಎಲ್ಲ ಚಿತ್ರಗಳನ್ನೂ ಮಾತಿನಲ್ಲಿ ಇಳಿಸಲು ಆಗುವುದಿಲ್ಲ. ಮೇಲಿನ ವಿದ್ಯುತ್ ಮಂಡಲ ಮೂರು ವಾಕ್ಯಗಳಲ್ಲಿ ಮುಗಿಯಿತು. ರಸಾಯನಶಾಸ್ತ್ರದ ಸಣ್ಣ ರಚನೆಯಾದರೆ 2-ಮೀಥೈಲ್‌ಬ್ಯೂಟೇನ್ ಎಂಬಂತೆ ಹೆಸರು ಬರೆದರೆ ಓದುವವರು ತಾವೇ ಚಿತ್ರ ಬರೆದುಕೊಳ್ಳುತ್ತಾರೆ. ಸರಳ ರೇಖೆಯ ಗ್ರಾಫ್ ಇದ್ದರೆ ಎರಡು ಅಕ್ಷಗಳಲ್ಲಿ ಏನಿದೆ, ರೇಖೆ ಯಾವ ಎರಡು ಬಿಂದುಗಳ ಮೂಲಕ ಹೋಗುತ್ತದೆ ಎಂದು ತಿಳಿಸಿದರೆ ಸಾಕು. ಆದರೆ ಮಸೂರಗಳ ಕಿರಣಚಿತ್ರ, ಒಂದರ ಮೇಲೊಂದು ಏರಿದ ತ್ರಿಭುಜ ವೃತ್ತಗಳು, ಹೂವಿನ ಛೇದಚಿತ್ರ ಇವಕ್ಕೆ ಫೋಟೋವೇ ಬೇಕು. ಅಲ್ಲಿ ಹಗುರವಾದ ಫೋಟೋ ಕಳಿಸುವುದೊಂದೇ ದಾರಿ. ಇಡೀ ಪುಟದಿಂದ ಆ ಒಂದು ಪ್ರಶ್ನೆಯನ್ನು ಗ್ಯಾಲರಿಯಲ್ಲೇ ಕತ್ತರಿಸಿಕೊಂಡರೆ 4 ಎಂಬಿ ಕೆಲವು ನೂರು ಕೆಬಿಗೆ ಇಳಿಯುತ್ತದೆ. ಉದ್ದದ ಬದಿ 1600 ಪಿಕ್ಸೆಲ್ ಉಳಿದರೂ ಅಚ್ಚಿನ ಅಕ್ಷರ ಸ್ಪಷ್ಟವಾಗಿ ಓದಬಹುದು. ಹಗಲು ಬೆಳಕಿನಲ್ಲಿ, ಕೈಯ ನೆರಳು ಬೀಳದಂತೆ, ಪುಟದ ಮೇಲಿನಿಂದ ನೇರವಾಗಿ ತೆಗೆದರೆ ಮೂಲೆಯ ಸಣ್ಣ ಅಂಕಿಗಳೂ ಉಳಿಯುತ್ತವೆ.

ವಾಟ್ಸ್ಆ್ಯಪ್‌ನಲ್ಲಿ ಟ್ಯೂಷನ್ ನಡೆಸುವವರಲ್ಲಿ ಕಥೆ ಸ್ವಲ್ಪ ಬೇರೆ. ಗುಂಪಿನಲ್ಲಿ ಸಂದೇಶಗಳು ತಾವಾಗಿಯೇ ಅಳಿಯುವ ವ್ಯವಸ್ಥೆ ಚಾಲೂ ಇದ್ದರೆ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಫೋಟೋ ಹೋಗುತ್ತದೆ. ಗಡಿಬಿಡಿಯಲ್ಲಿ ಒಮ್ಮೆ ಮಾತ್ರ ನೋಡುವ ಗುರುತು ಒತ್ತಿ ಕಳಿಸಿದ್ದರೆ, ಮೇಡಂ ಒಮ್ಮೆ ತೆರೆದು ಮುಚ್ಚಿದ ಮೇಲೆ ಅವರಿಗೂ ಅದು ಸಿಗದು. ಇನ್ನು ಶಿಕ್ಷಕರು ಬಹುದಿನ ಡೌನ್‌ಲೋಡ್ ಮಾಡದೆ ಬಿಟ್ಟ ಫೋಟೋ ಸರ್ವರಿನಿಂದ ಹೋಗಿರುತ್ತದೆ. ಕಳಿಸಿದವರಿಗೆ ಮತ್ತೆ ಕಳಿಸಲು ಹೇಳಿ ಎಂದು ಆ್ಯಪೇ ತಿಳಿಸುತ್ತದೆ. ಈ ಸಂದರ್ಭದಲ್ಲಿ ಪತ್ರ ಶಿಕ್ಷಕರ ಕಡೆಯಿಂದ ಬರಬೇಕು. ವಿದ್ಯಾರ್ಥಿಗೆ ತನ್ನ ಫೋನಿನಲ್ಲಿ ಫೋಟೋ ಎಂದಿನಂತೆ ಕಾಣುತ್ತಿರುವುದರಿಂದ ಅವನಿಗೆ ತಿಳಿಯುವ ದಾರಿಯೇ ಇಲ್ಲ. "ನಿನ್ನ ಸೋಮವಾರದ ಫೋಟೋ ನನಗೆ ತೆರೆಯುತ್ತಿಲ್ಲ, ಮತ್ತೆ ಕಳಿಸು" ಎಂದು ಅವರು ಹೇಳದಿದ್ದರೆ ಹುಡುಗ ಉತ್ತರಕ್ಕಾಗಿ ಕಾಯುತ್ತಲೇ ಇರುತ್ತಾನೆ. ಮತ್ತೆ ಕಳಿಸುವಾಗ ಗುಂಪಿಗೆ ಹಾಕಿದ ಪ್ರತಿಯನ್ನು ಉಳಿಸಿಕೊಂಡು ಅದನ್ನೇ ಹಾಕುವ ಬದಲು ಗ್ಯಾಲರಿಯ ಮೂಲ ಫೋಟೋ ಹಾಕುವುದು ಮೇಲು, ಏಕೆಂದರೆ ಪ್ರತಿ ಸಲ ಹೊಸದಾಗಿ ಹಾಕಿದಾಗಲೂ ಆ್ಯಪ್ ಅದನ್ನು ಇನ್ನಷ್ಟು ಕುಗ್ಗಿಸುತ್ತದೆ.

ಮೂಲ ಫೋಟೋವನ್ನೇ ಅಳಿಸಿಬಿಟ್ಟಿದ್ದರೆ? ಜಾಗ ಸಾಲದ ಫೋನುಗಳಲ್ಲಿ ಮಕ್ಕಳು ಕಳಿಸಿದ ಕೂಡಲೇ ಅಳಿಸುವುದು ಸಾಮಾನ್ಯ. ಪುಸ್ತಕ ಕೈಯಲ್ಲಿದ್ದರೆ ಮತ್ತೊಮ್ಮೆ ತೆಗೆಯಬಹುದು. ಕಾಲೇಜಿನ ಬೋರ್ಡಿನ ಮೇಲಿದ್ದ ಲೆಕ್ಕವೋ, ಗೆಳತಿಗೆ ಹಿಂದಿರುಗಿಸಿದ ಗೈಡಿನ ಪುಟವೋ ಆಗಿದ್ದರೆ ಆ ದಾರಿ ಇಲ್ಲ. ಆಗ ನೋಡಬೇಕಾದದ್ದು ಗ್ಯಾಲರಿಯ ಕಸದ ಬುಟ್ಟಿ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದ ಚಿತ್ರ ಅಳಿಸಿದ ಮೇಲೂ 60 ದಿನ ಅಲ್ಲಿರುತ್ತದೆ, ಬ್ಯಾಕಪ್ ಆಗದಿದ್ದದ್ದು 30 ದಿನ. ಅಷ್ಟರೊಳಗೆ ಅದನ್ನು ಹಿಂದಕ್ಕೆ ತೆಗೆದು, ಕತ್ತರಿಸಿ, ಪತ್ರದ ಜೊತೆಗೇ ಕಳಿಸಬಹುದು.